ಬ್ಯಾಂಕ್ ಗ್ಯಾರಂಟಿಯೋ, ಶ್ಯೂರಿಟಿಯೋ: ದುಡ್ಡು ಮೊದಲು, ವಾದ ಆಮೇಲೆ ಯಾಕೆ?

ಟೆಂಡರ್ ಕಾಗದದಲ್ಲಿ ‘ಬ್ಯಾಂಕ್ ಗ್ಯಾರಂಟಿ ಸಲ್ಲಿಸಬೇಕು’ ಎಂದು ಇರುತ್ತದೆ. ನಮಗೆ ಮೊದಲಿನಿಂದ ಗೊತ್ತಿರುವುದು ಶ್ಯೂರಿಟಿ ಹಾಕುವುದು. ಎರಡರಲ್ಲೂ ಮೂವರು ಇರುತ್ತಾರೆ: ಕೆಲಸ ಒಪ್ಪಿಕೊಂಡವನು, ಕೆಲಸ ಮಾಡಿಸುವವನು, ನಡುವೆ ಹೊಣೆ ಹೊರುವವನು. ಹೀಗಾಗಿ ಎರಡೂ ಒಂದೇ, ಬ್ಯಾಂಕಿನದು ಸ್ವಲ್ಪ ಗಟ್ಟಿ ಅಷ್ಟೇ ಎಂದುಕೊಳ್ಳುವವರು ಜಾಸ್ತಿ. ಎಲ್ಲ ಸರಿಯಾಗಿ ನಡೆದರೆ ಹಾಗೆ ಅಂದುಕೊಂಡರೂ ನಷ್ಟವಿಲ್ಲ. ತಕರಾರು ಬಂದ ದಿನ ಮಾತ್ರ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಶ್ಯೂರಿಟಿ ಹಾಕಿದವನು ಕೇಳುತ್ತಾನೆ: ‘ಅವನು ನಿಜವಾಗಿ ತಪ್ಪಿದನಾ? ಎಷ್ಟು ಬಾಕಿ?’ ಬ್ಯಾಂಕ್ ಗ್ಯಾರಂಟಿ ಕೊಟ್ಟ ಬ್ಯಾಂಕು ಈ ಎರಡೂ ಪ್ರಶ್ನೆ ಕೇಳುವುದಿಲ್ಲ. ಕ್ಲೇಮ್ ಪತ್ರ ಸರಿಯಾಗಿದೆಯಾ ಎಂದು ನೋಡುತ್ತದೆ, ಹಣ ಕಳಿಸುತ್ತದೆ. ‘ನಮ್ಮದೇ ಬ್ಯಾಂಕು, ಹದಿನೈದು ವರ್ಷದ ಗಿರಾಕಿ ನಾನು, ಒಂದು ಮಾತು ಕೇಳಬಾರದಿತ್ತಾ?’ ಎಂದು ಸಣ್ಣ ಕೈಗಾರಿಕೆಯವರು ನೊಂದುಕೊಳ್ಳುವುದು ಈ ಹಂತದಲ್ಲೇ. ಆ ನೋವು ನಿಜವಾದದ್ದು. ಆದರೆ ಬ್ಯಾಂಕು ಹಾಗೆ ನಡೆದುಕೊಳ್ಳುವುದಕ್ಕೆ ಗಟ್ಟಿ ಕಾರಣ ಇದೆ. ಅದು ಗೊತ್ತಿದ್ದರೆ ಸಹಿ ಹಾಕುವ ಮೊದಲೇ ನಮ್ಮ ಬಂದೋಬಸ್ತು ಮಾಡಿಕೊಳ್ಳಬಹುದು.

ಒಂದೇ ಜಗಳ, ಎರಡು ಕಾಗದ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಒಂದು ಫ್ಯಾಬ್ರಿಕೇಶನ್ ಘಟಕಕ್ಕೆ ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಆರ್ಡರ್ ಬಂತು. ಕಬ್ಬಿನ ಸಿಪ್ಪೆ ಸಾಗಿಸುವ ಕನ್ವೇಯರ್ ಮಾಡಿ, ಸ್ಥಳಕ್ಕೆ ಒಯ್ದು, ಕೂರಿಸಿ ಕೊಡಬೇಕು. ಬೆಲೆ 60 ಲಕ್ಷ ರೂಪಾಯಿ. ಸೆಪ್ಟೆಂಬರ್ 30ಕ್ಕೆ ಮುಗಿಯಬೇಕು, ಯಾಕೆಂದರೆ ಅದಾದ ಮೇಲೆ ಕಬ್ಬು ಅರೆಯುವ ಹಂಗಾಮು. ತಡವಾದರೆ ವಾರಕ್ಕೆ ಶೇ 0.5ರಂತೆ ದಂಡ, ಗರಿಷ್ಠ ಶೇ 5. ಕೆಲಸದ ಭದ್ರತೆಗೆ ಬೆಲೆಯ ಶೇ 10, ಅಂದರೆ 6 ಲಕ್ಷ ರೂಪಾಯಿಯ ಗ್ಯಾರಂಟಿ.

ಘಟಕದ ಮಾಲೀಕರು ಬ್ಯಾಂಕಿಗೆ ಹೋದರು. ಬ್ಯಾಂಕು 6 ಲಕ್ಷದ ಶೇ 20, ಅಂದರೆ 1.2 ಲಕ್ಷ ರೂಪಾಯಿಯನ್ನು ಮಾರ್ಜಿನ್ ಎಂದು ಎಫ್‌ಡಿ ಇಡಿಸಿಕೊಂಡಿತು. ವರ್ಷಕ್ಕೆ ಶೇ 2ರಂತೆ 12,000 ರೂಪಾಯಿ ಕಮಿಷನ್, ಅದರ ಮೇಲೆ ಜಿಎಸ್‌ಟಿ. ಜೊತೆಗೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿತು: ಕೌಂಟರ್ ಗ್ಯಾರಂಟಿ. ಬ್ಯಾಂಕು ಎಷ್ಟು ಹಣ ಕೊಡಬೇಕಾಗಿ ಬಂದರೂ ಅಷ್ಟನ್ನೂ ಘಟಕ ಬ್ಯಾಂಕಿಗೆ ತುಂಬಿಕೊಡಬೇಕು, ಕೊಟ್ಟಿದ್ದು ಸರಿಯೋ ತಪ್ಪೋ ಎಂದು ಪ್ರಶ್ನಿಸುವಂತಿಲ್ಲ ಎಂಬುದು ಅದರ ಸಾರ. ರಾಶಿ ಕಾಗದಗಳ ನಡುವೆ ಹೆಚ್ಚಿನವರು ಓದದೇ ಸಹಿ ಹಾಕುವ ಪುಟ ಇದೇ. ಮುಂದಿನ ಕಥೆಯೆಲ್ಲ ನಿಂತಿರುವುದೂ ಅದರ ಮೇಲೇ.

ಕನ್ವೇಯರ್ ನಿಲ್ಲಿಸಲು ಬೇಕಾದ ಕಾಂಕ್ರೀಟ್ ಪಾಯವನ್ನು ಕಾರ್ಖಾನೆಯೇ ಮಾಡಿಕೊಡಬೇಕಿತ್ತು. ಅದು ತಡವಾಯಿತು. ಕಾರ್ಖಾನೆಯವರು ಇಮೇಲ್‌ನಲ್ಲಿ ಗಡುವನ್ನು ನವೆಂಬರ್ 15ಕ್ಕೆ ವಿಸ್ತರಿಸಿದರು. ಘಟಕ ಕೆಲಸ ಮುಗಿಸಿದ್ದು ನವೆಂಬರ್ 20ಕ್ಕೆ. ಅಷ್ಟರಲ್ಲಿ ಸಂಬಂಧ ಹಳಸಿತ್ತು. ಕಾರ್ಖಾನೆ ‘ತಡ ಮಾಡಿದ್ದೀರಿ, ನಮಗೆ ನಷ್ಟವಾಗಿದೆ’ ಎಂದು ಬ್ಯಾಂಕಿಗೆ ಪತ್ರ ಬರೆದು ಪೂರ್ತಿ 6 ಲಕ್ಷ ಕೇಳಿತು. ನಮ್ಮವರ ಬಾಯಲ್ಲಿ ಹೇಳುವುದಾದರೆ, ಬಿಜಿ, ಅಂದರೆ ಬ್ಯಾಂಕ್ ಗ್ಯಾರಂಟಿ, ಇನ್ವೋಕ್ ಮಾಡಿತು.

ಲೆಕ್ಕ ಹಾಕಿ ನೋಡಿ. ವಿಸ್ತರಿಸಿದ ಗಡುವಿನಿಂದ ಎಣಿಸಿದರೆ ತಡ ಆಗಿದ್ದು ಐದು ದಿನ. ಅದನ್ನು ಪೂರ್ತಿ ಒಂದು ವಾರ ಎಂದು ಹಿಡಿದರೂ ದಂಡ 60 ಲಕ್ಷದ ಶೇ 0.5, ಅಂದರೆ 30,000 ರೂಪಾಯಿ. ಕೇಳಿದ್ದು 6 ಲಕ್ಷ. ಆದರೂ ಬ್ಯಾಂಕು 6 ಲಕ್ಷವನ್ನೂ ಕೊಡುತ್ತದೆ. ಪಾಯ ಯಾರು ತಡ ಮಾಡಿದರು ಎಂಬ ಇಮೇಲ್‌ಗಳನ್ನು ಘಟಕದವರು ಮ್ಯಾನೇಜರ್ ಮೇಜಿನ ಮೇಲೆ ಇಟ್ಟರೂ ಕೊಡುತ್ತದೆ. 1.2 ಲಕ್ಷದ ಎಫ್‌ಡಿ ಮುರಿಯುತ್ತದೆ, ಉಳಿದ 4.8 ಲಕ್ಷವನ್ನು ಘಟಕದ ಖಾತೆಗೆ ಖರ್ಚು ಹಾಕುತ್ತದೆ. ಅದಕ್ಕೆ ಆ ದಿನದಿಂದಲೇ ಬಡ್ಡಿ. ಆ ಬಾಕಿ 90 ದಿನ ಹಾಗೇ ಕೂತರೆ ಖಾತೆ ಎನ್‌ಪಿಎ ಆಗುವ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಎನಿಸಿಕೊಳ್ಳುವ, ಭಯವೂ ಇದೆ.

ಈಗ ಇದೇ ಜಗಳಕ್ಕೆ ಬ್ಯಾಂಕಿನ ಬದಲು ಶ್ಯೂರಿಟಿ ಇತ್ತು ಎಂದುಕೊಳ್ಳಿ. ಮಾಲೀಕರ ಸಂಬಂಧಿಯ ಒಂದು ಕಂಪನಿ ‘ಇವರು ಕರಾರು ತಪ್ಪಿದರೆ ಅದರಿಂದಾಗುವ ನಷ್ಟವನ್ನು 6 ಲಕ್ಷದ ಮಿತಿಯಲ್ಲಿ ನಾವು ತುಂಬಿಕೊಡುತ್ತೇವೆ’ ಎಂದು ಬರೆದುಕೊಟ್ಟಿದೆ. ಕಾರ್ಖಾನೆ ಈ ಕಂಪನಿಗೆ ಪತ್ರ ಬರೆದರೆ ಹಣ ತಾನಾಗಿ ಬರುವುದಿಲ್ಲ. ಕರಾರು ತಪ್ಪಿದ್ದು ನಿಜ ಎಂದು ತೋರಿಸಬೇಕು, ಎಷ್ಟು ಕೊಡಬೇಕಾಗಿದೆ ಎಂದು ತೋರಿಸಬೇಕು. ಕಂಪನಿ ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. ಅಲ್ಲಿ ಘಟಕ ಎತ್ತಬಹುದಾದ ವಾದಗಳನ್ನೆಲ್ಲ ಜಾಮೀನು ನಿಂತ ಕಂಪನಿಯೂ ಎತ್ತಬಹುದು. ಪಾಯದ ಇಮೇಲ್‌ಗಳಿಗೆ ಇಲ್ಲಿ ಬೆಲೆ ಇದೆ. ಬಹಳ ಅಂದರೆ 30,000 ರೂಪಾಯಿಗೆ ಮಾತು ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಕಾರ್ಖಾನೆಗೆ ಇನ್ನೊಂದು ಕಡೆಯಿಂದ ಬೀಳಬಹುದು. ಗಡುವನ್ನು ನವೆಂಬರ್ 15ಕ್ಕೆ ವಿಸ್ತರಿಸುವಾಗ ಅವರು ಜಾಮೀನು ನಿಂತ ಕಂಪನಿಯ ಒಪ್ಪಿಗೆ ಕೇಳಿದ್ದರಾ? 1872ರ ಭಾರತೀಯ ಕರಾರು ಕಾಯ್ದೆಯ 133ನೇ ಕಲಮಿನ ಪ್ರಕಾರ, ಜಾಮೀನುದಾರನ ಒಪ್ಪಿಗೆ ಇಲ್ಲದೆ ಮೂಲ ಕರಾರಿನ ಷರತ್ತು ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನ ಹೊಣೆ ಇರುವುದಿಲ್ಲ. 135ನೇ ಕಲಮು ಇನ್ನೂ ನೇರವಾಗಿದೆ: ಅವನನ್ನು ಕೇಳದೆ ಸಾಲಗಾರನಿಗೆ, ನಮ್ಮ ಉದಾಹರಣೆಯಲ್ಲಿ ಘಟಕಕ್ಕೆ, ಹೆಚ್ಚಿನ ಸಮಯ ಕೊಡಲು ಒಪ್ಪಿಕೊಂಡರೆ ಜಾಮೀನು ಬಿಡುಗಡೆಯಾಗುತ್ತದೆ. ಅಂದರೆ ಘಟಕಕ್ಕೆ ಅನುಕೂಲ ಮಾಡಿಕೊಟ್ಟ ಆ ಒಂದು ಇಮೇಲ್, ಕಾರ್ಖಾನೆಯ ಕೈಯಲ್ಲಿದ್ದ ಭದ್ರತೆಯನ್ನೇ ಕಳೆದಿರಬಹುದು. ಬ್ಯಾಂಕ್ ಗ್ಯಾರಂಟಿಯಲ್ಲಿ ಇದಕ್ಕೆ ಮೊದಲೇ ಬಾಗಿಲು ಹಾಕಿರುತ್ತಾರೆ. ‘ಕರಾರಿನಲ್ಲಿ ಏನೇ ಬದಲಾವಣೆ ಮಾಡಿಕೊಂಡರೂ, ಸಮಯ ವಿಸ್ತರಿಸಿದರೂ ಬ್ಯಾಂಕಿನ ಹೊಣೆ ತಪ್ಪುವುದಿಲ್ಲ’ ಎಂಬ ಸಾಲು ಸಾಮಾನ್ಯವಾಗಿ ಎಲ್ಲ ಬಿಜಿಗಳಲ್ಲೂ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ‘ಹಾಗಾದರೆ ಶ್ಯೂರಿಟಿ ಹಾಕುವುದು ಸುಲಭ, ಸಿಕ್ಕಿಹಾಕಿಕೊಳ್ಳುವುದಿಲ್ಲ’ ಎಂದು ಯಾರೂ ತೀರ್ಮಾನಿಸಬೇಡಿ. 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬಾಕಿ ನಿಜವಾಗಿದ್ದರೆ ಮೊದಲು ಸಾಲಗಾರನ ಬೆನ್ನು ಹತ್ತಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದ್ದು 1969ರಲ್ಲಿ. ಅಲ್ಲದೆ, ಬ್ಯಾಂಕ್ ಸಾಲಕ್ಕೆ ನಿರ್ದೇಶಕರೋ ನೆಂಟರೋ ಕೊಡುವ ವೈಯಕ್ತಿಕ ಗ್ಯಾರಂಟಿಯ ಅಚ್ಚು ನಮೂನೆಯಲ್ಲಿ 133, 135ನೇ ಕಲಮುಗಳ ರಕ್ಷಣೆಯನ್ನು ಬಿಟ್ಟುಕೊಡುವ ಸಾಲುಗಳು ಇದ್ದೇ ಇರುತ್ತವೆ.

ಬ್ಯಾಂಕು ಯಾಕೆ ವಿಚಾರಿಸುವುದಿಲ್ಲ?

ಉತ್ತರ ಬಿಜಿಯ ಹುಟ್ಟಿನಲ್ಲೇ ಇದೆ. ಕೆಲಸ ಮಾಡಿಸುವವನು ನಿಜಕ್ಕೂ ಬಯಸುವುದು ನಗದು ಠೇವಣಿ. ಗುತ್ತಿಗೆದಾರ 6 ಲಕ್ಷವನ್ನು ಕಾರ್ಖಾನೆಯ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಜಗಳ ಬಂದ ದಿನ ಕಾರ್ಖಾನೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳುತ್ತಿತ್ತು. ಗುತ್ತಿಗೆದಾರ ‘ಅನ್ಯಾಯ’ ಎಂದು ದಾವೆ ಹೂಡಿ, ಗೆದ್ದರೆ ವಾಪಸ್ ಪಡೆಯುತ್ತಿದ್ದ. ತೊಂದರೆ ಏನೆಂದರೆ ಅಷ್ಟು ನಗದು ವರ್ಷಗಟ್ಟಲೆ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತದೆ. ಐದಾರು ಕೆಲಸ ಹಿಡಿದ ಗುತ್ತಿಗೆದಾರನಿಗೆ ಕಬ್ಬಿಣ ಕೊಳ್ಳಲು, ಕೂಲಿ ಬಟವಾಡೆ ಮಾಡಲು ದುಡ್ಡೇ ಉಳಿಯುವುದಿಲ್ಲ.

ಬ್ಯಾಂಕ್ ಗ್ಯಾರಂಟಿ ಆ ಠೇವಣಿಯ ಬದಲಿಗೆ ಬಂದಿದ್ದು. ಗುತ್ತಿಗೆದಾರನಿಗೆ ನಗದು ಉಳಿಯಿತು, 6 ಲಕ್ಷದ ಜಾಗದಲ್ಲಿ 1.2 ಲಕ್ಷಕ್ಕೆ ಕೆಲಸ ಆಯಿತು. ಆದರೆ ಠೇವಣಿಯಲ್ಲಿ ಇದ್ದ ಕ್ರಮ ಹಾಗೇ ಉಳಿಯಬೇಕು ಎಂಬುದು ಒಪ್ಪಂದ: ಮೊದಲು ಹಣ ಕೊಂಡವನ ಕೈಗೆ, ಆಮೇಲೆ ವಾದ. ಬ್ಯಾಂಕು ‘ತಡೀರಿ, ವಿಚಾರಿಸುತ್ತೇನೆ’ ಎಂದರೆ ಆ ಕಾಗದ ಠೇವಣಿಗೆ ಸಮವಾಗಿ ಉಳಿಯುವುದಿಲ್ಲ. ಆಗ ಕೊಳ್ಳುವವರೆಲ್ಲ ಮತ್ತೆ ನಗದನ್ನೇ ಕೇಳುತ್ತಾರೆ. ಅದರಿಂದ ಹೆಚ್ಚು ಪೆಟ್ಟು ತಿನ್ನುವವರು ಸಣ್ಣ ಗುತ್ತಿಗೆದಾರರೇ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಬ್ಯಾಂಕಿನ ಈ ಗಡಸುತನ ಗುತ್ತಿಗೆದಾರರ ವಿರುದ್ಧ ಮಾಡಿದ್ದು ಎಂಬ ಭಾವನೆ ಬಲವಾಗಿದೆ. ಅವರಿಗೆ ನಗದು ಉಳಿಸಿಕೊಡುತ್ತಿರುವುದೂ ಇದೇ ಗಡಸುತನ.

ಇನ್ನೊಂದು ಕಾರಣ ತೀರಾ ಪ್ರಾಯೋಗಿಕ. ಶಾಖೆಯಲ್ಲಿ ಕೂತ ಅಧಿಕಾರಿಯ ಮುಂದೆ ಇರುವುದು ಮೂರು ಪುಟದ ಗ್ಯಾರಂಟಿ ಮತ್ತು ಒಂದು ಕ್ಲೇಮ್ ಪತ್ರ. ಪಾಯ ಯಾರು ತಡ ಮಾಡಿದರು, ಕನ್ವೇಯರ್ ಬೆಲ್ಟಿನ ಜೋಡಣೆ ಸರಿಯಾಗಿತ್ತಾ, ಮಳೆ ಎಷ್ಟು ದಿನ ಬಂತು ಎಂದು ತೀರ್ಮಾನಿಸಲು ಅವರಿಗೆ ಅಧಿಕಾರವೂ ಇಲ್ಲ, ಜ್ಞಾನವೂ ಇಲ್ಲ. 12,000 ರೂಪಾಯಿ ಕಮಿಷನ್ನಿನಲ್ಲಿ ಒಂದು ಪಂಚಾಯಿತಿ ನಡೆಸಲು ಆಗುವುದಿಲ್ಲ. ಕೊಟ್ಟ ಹಣವನ್ನು ಕೌಂಟರ್ ಗ್ಯಾರಂಟಿಯ ಮೇಲೆ ವಸೂಲಿ ಮಾಡಿಕೊಳ್ಳಬಹುದು. ಕೊಡದಿದ್ದರೆ ಬ್ಯಾಂಕಿನ ಹೆಸರೇ ಕೆಡುತ್ತದೆ. ಕೋರ್ಟಿನ ತಡೆ ಇಲ್ಲದಿದ್ದರೆ ಇನ್ವೋಕ್ ಆದ ಗ್ಯಾರಂಟಿಯ ಹಣ ತಡ ಮಾಡದೆ ಕೊಡಿ ಎಂದು ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳಿಗೆ ಹೇಳಿದೆ.

ಕಾನೂನಿನ ದೃಷ್ಟಿಯಲ್ಲಿ ಬಿಜಿ ಎಂಬುದು ಬ್ಯಾಂಕು ಮತ್ತು ಹಣ ಪಡೆಯುವವನ ನಡುವಿನ ಬೇರೆಯೇ ಕರಾರು. ಕೆಲಸದ ಕರಾರಿನಲ್ಲಿ ಏನೇ ಜಗಳ ಇದ್ದರೂ ಅದರ ನೆರಳು ಇದರ ಮೇಲೆ ಬೀಳಬಾರದು. ಇದನ್ನು ಚೆನ್ನಾಗಿ ತೋರಿಸುವ ಒಂದು ಪ್ರಕರಣ ಇಂಗ್ಲೆಂಡಿನದು. ಎಡ್ವರ್ಡ್ ಓವೆನ್ ಎಂಬ ಕಂಪನಿ ಲಿಬಿಯಾದಲ್ಲಿ ಗಾಜಿನ ಮನೆಗಳನ್ನು ಕಟ್ಟಿಕೊಡಲು ಒಪ್ಪಿತ್ತು. ಬೆಲೆಯ ಶೇ 10ಕ್ಕೆ, ಸುಮಾರು 50,000 ಪೌಂಡಿಗೆ, ಬಾರ್ಕ್ಲೇಸ್ ಬ್ಯಾಂಕಿನ ಮೂಲಕ ಗ್ಯಾರಂಟಿ ಹೋಯಿತು. ಲಿಬಿಯಾದ ಕಡೆಯವರು ಒಪ್ಪಿದ ರೀತಿಯಲ್ಲಿ ಲೆಟರ್ ಆಫ್ ಕ್ರೆಡಿಟ್, ಅಂದರೆ ಬೆಲೆ ಪಾವತಿಗೆ ಬ್ಯಾಂಕಿನ ಭರವಸೆ ಪತ್ರ, ತೆರೆಯಲಿಲ್ಲ. ಕಂಪನಿ ಕೆಲಸ ನಿಲ್ಲಿಸಿತು. ಆದರೂ ಲಿಬಿಯಾದವರು ಗ್ಯಾರಂಟಿ ಹಣ ಕೇಳಿದರು. ತಪ್ಪು ಅವರದೇ ಎಂದು ಮೇಲ್ನೋಟಕ್ಕೇ ಕಾಣುತ್ತಿತ್ತು. ಆದರೆ ಗ್ಯಾರಂಟಿಯಲ್ಲಿ ಪುರಾವೆ, ಷರತ್ತು ಯಾವುದೂ ಇಲ್ಲದೆ ಕೇಳಿದ ಕೂಡಲೇ ಕೊಡುತ್ತೇವೆ ಎಂದು ಇತ್ತು. ಬ್ಯಾಂಕು ಕೊಡಲೇಬೇಕು ಎಂದು ಲಾರ್ಡ್ ಡೆನ್ನಿಂಗ್ ಅವರಿದ್ದ ಪೀಠ ಹೇಳಿತು. ಇಂಥ ಅಪಾಯ ಇದೆ ಎಂದು ತಿಳಿದ ಜಾಣ ಮಾರಾಟಗಾರ ಬೆಲೆ ಹೇಳುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದಿರುತ್ತಾನೆ ಎಂಬ ಮಾತೂ ಆ ತೀರ್ಪಿನಲ್ಲಿದೆ. ನಮ್ಮ ಸುಪ್ರೀಂ ಕೋರ್ಟು 1988ರಲ್ಲಿ ವರದಿಯಾದ ಯು.ಪಿ. ಕೋಆಪರೇಟಿವ್ ಫೆಡರೇಶನ್ ಪ್ರಕರಣದಿಂದ ಇತ್ತೀಚಿನವರೆಗೆ ಇದೇ ದಾರಿಯಲ್ಲಿ ನಡೆದಿದೆ.

ಹಾಗಂತ ಬ್ಯಾಂಕು ಕಣ್ಣು ಮುಚ್ಚಿ ಕೊಡುವುದಿಲ್ಲ

ಜಗಳ ನೋಡುವುದಿಲ್ಲ, ಕಾಗದ ಮಾತ್ರ ಬಹಳ ಬಿಗಿಯಾಗಿ ನೋಡುತ್ತದೆ. ಕ್ಲೇಮ್ ಪತ್ರ ಗಡುವಿನೊಳಗೆ ಬಂತಾ? ಗ್ಯಾರಂಟಿಯಲ್ಲಿ ಹೇಳಿದ ಶಾಖೆಗೇ ಬಂತಾ? ಕೇಳಿದ ಮೊತ್ತ ಮಿತಿಯೊಳಗಿದೆಯಾ? ಸಹಿ ಹಾಕಿದವರಿಗೆ ಆ ಅಧಿಕಾರ ಇದೆಯಾ? ಪತ್ರದಲ್ಲಿ ಇಂತಿಂಥ ಮಾತು ಇರಬೇಕು ಎಂದಿದ್ದರೆ ಅದು ಇದೆಯಾ? ಇದರಲ್ಲಿ ಒಂದು ತಪ್ಪಿದರೂ ಬ್ಯಾಂಕು ಪತ್ರ ವಾಪಸ್ ಕಳಿಸಬಹುದು.

ಬಿಹಾರದ ಒಂದು ನೀರಾವರಿ ಯೋಜನೆಯ ಕೆಲಸದಲ್ಲಿ ಹೀಗೇ ಆಯಿತು. ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಮತ್ತು ಬಿಹಾರ ಸರ್ಕಾರದ ನಡುವಿನ ಆ ಪ್ರಕರಣವನ್ನು ಸುಪ್ರೀಂ ಕೋರ್ಟು 1999ರಲ್ಲಿ ತೀರ್ಮಾನಿಸಿತು. ಮುಂಗಡ ಹಣಕ್ಕೆ ಕೊಟ್ಟ ಗ್ಯಾರಂಟಿ ನೋಡಲು ಷರತ್ತಿಲ್ಲದ್ದರ ಹಾಗೆ ಇತ್ತು. ಆದರೆ ಅದರೊಳಗೆ ಒಂದು ಸಾಲಿನಲ್ಲಿ, ಮೂಲ ಕರಾರಿನ ಒಂದು ಕಲಮಿನಂತೆ ಗುತ್ತಿಗೆದಾರ ನಡೆದುಕೊಳ್ಳದೆ, ಅದರಿಂದ ಮುಂಗಡ ವಸೂಲಿ ಮಾಡುವ ಹಕ್ಕು ಹುಟ್ಟಿದಾಗ ಬ್ಯಾಂಕು ಕೊಡುತ್ತದೆ ಎಂದು ಬರೆದಿತ್ತು. ಆ ಒಂದು ಸಾಲಿನಿಂದ ಅದು ಷರತ್ತಿನ ಗ್ಯಾರಂಟಿ ಆಯಿತು ಎಂದು ಕೋರ್ಟು ಹೇಳಿತು. ಮೇಲಾಗಿ, ಇನ್ವೋಕ್ ಮಾಡಬೇಕಾದವರು ಚೀಫ್ ಎಂಜಿನಿಯರ್. ಪತ್ರ ಬರೆದವರು ಎಕ್ಸಿಕ್ಯೂಟಿವ್ ಎಂಜಿನಿಯರ್. ಅದೂ ಸಲ್ಲಲಿಲ್ಲ.

ಈ ತೀರ್ಪಿನಿಂದ ಗೊತ್ತಾಗುವುದೇನೆಂದರೆ, ಕಾಗದದ ತಲೆಬರಹ ನಂಬಿ ಕೂರುವಂತಿಲ್ಲ. ಮೇಲೆ ‘ಬ್ಯಾಂಕ್ ಗ್ಯಾರಂಟಿ’ ಎಂದಿದ್ದರೂ ಒಳಗೆ ಶ್ಯೂರಿಟಿಯ ಸಾಲು ಇದ್ದರೆ ಅದು ಶ್ಯೂರಿಟಿಯ ಹಾಗೆ ನಡೆದುಕೊಳ್ಳುತ್ತದೆ. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ.

‘ಗುತ್ತಿಗೆದಾರನು ಕರಾರು ತಪ್ಪಿದ್ದರಿಂದ ಉಂಟಾದ ನಷ್ಟವನ್ನು, 6 ಲಕ್ಷ ರೂಪಾಯಿ ಮೀರದಂತೆ, ನಾವು ಭರಿಸುತ್ತೇವೆ.’

‘ನಿಮ್ಮ ಲಿಖಿತ ಬೇಡಿಕೆ ಬಂದ ಕೂಡಲೇ, ಯಾವ ಆಕ್ಷೇಪವನ್ನೂ ಎತ್ತದೆ, ಗುತ್ತಿಗೆದಾರನು ತಕರಾರು ಹೂಡಿದ್ದರೂ ಲೆಕ್ಕಿಸದೆ, 6 ಲಕ್ಷ ರೂಪಾಯಿ ಮೀರದ ಮೊತ್ತವನ್ನು ನಾವು ಕೊಡುತ್ತೇವೆ. ಕೊಡಬೇಕಾದ ಮೊತ್ತದ ಬಗ್ಗೆ ನಿಮ್ಮ ನಿರ್ಧಾರವೇ ಅಂತಿಮ.’

ಮೊದಲನೆಯದರಲ್ಲಿ ಹಣಕ್ಕೆ ಕಾರಣ ನಷ್ಟ. ನಷ್ಟ ಆಗಿದೆ ಎಂದು ಯಾರಾದರೂ ತೀರ್ಮಾನಿಸಬೇಕು. ಎರಡನೆಯದರಲ್ಲಿ ಹಣಕ್ಕೆ ಕಾರಣ ಬೇಡಿಕೆಯ ಪತ್ರ. ಅದು ಬಂದರೆ ಸಾಕು. ಯಾವುದೇ ಗ್ಯಾರಂಟಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಈ ಸಾಲನ್ನೇ.

ಕೋರ್ಟಿನಲ್ಲಿ ತಡೆ ಸಿಗುತ್ತದಾ?

ಬಹಳ ಕಷ್ಟ. ಕ್ಲೇಮ್ ಪತ್ರ ಸರಿಯಿದ್ದರೆ ಸಾಮಾನ್ಯವಾಗಿ ಎರಡೇ ಕಾರಣಕ್ಕೆ ತಡೆ ಸಿಗಬಹುದು. ಒಂದು, ಗ್ಯಾರಂಟಿಯ ಬುಡಕ್ಕೇ ಏಟು ಹಾಕುವಂಥ ದೊಡ್ಡ ಮೋಸ, ಅದು ಬ್ಯಾಂಕಿಗೂ ಸ್ಪಷ್ಟವಾಗಿ ಕಾಣುವಂತಿರಬೇಕು. ‘ಲೆಕ್ಕ ತಪ್ಪು, ಕೇಳಿದ್ದು ಜಾಸ್ತಿ’ ಎಂಬುದು ಈ ಜಾತಿಯ ಮೋಸ ಅಲ್ಲ. ಆದ್ದರಿಂದ ನಮ್ಮ ಹುಬ್ಬಳ್ಳಿ ಘಟಕಕ್ಕೆ ಈ ದಾರಿ ತೆರೆಯುವ ಸಾಧ್ಯತೆ ಕಡಿಮೆ.

ಎರಡನೆಯದು, ಹಣ ಒಮ್ಮೆ ಹೋದರೆ ಮತ್ತೆಂದೂ ವಾಪಸ್ ಪಡೆಯಲಾಗದು ಎಂಬಂಥ ಅನ್ಯಾಯ. ಇದಕ್ಕೆ ನಮ್ಮ ಕೋರ್ಟುಗಳು ಕೊಡುವ ಉದಾಹರಣೆ ಅಮೆರಿಕದ ಐಟೆಕ್ ಕಂಪನಿಯದು. ಅದು ಇರಾನಿನ ಹಳೆಯ ಸರ್ಕಾರದ ಜೊತೆ ಕರಾರು ಮಾಡಿಕೊಂಡಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಅಮೆರಿಕ ರಫ್ತು ಪರವಾನಗಿ ರದ್ದು ಮಾಡಿತು, ಕರಾರು ಮುರಿದುಬಿತ್ತು. ಆಮೇಲೆ ಗ್ಯಾರಂಟಿ ಹಣಕ್ಕೆ ಬೇಡಿಕೆ ಬಂತು. ಆಗಿನ ಇರಾನಿನಲ್ಲಿ ಅಮೆರಿಕದ ಕಂಪನಿಯೊಂದು ದಾವೆ ಹೂಡಿ ಹಣ ವಾಪಸ್ ಪಡೆಯುವುದು ಆಗದ ಮಾತು. ಹಾಗಾಗಿ ಅಲ್ಲಿನ ಕೋರ್ಟು ತಡೆ ಕೊಟ್ಟಿತು. ಅಳತೆ ಇಷ್ಟು ಮೇಲಿದೆ. ಯು.ಪಿ. ಸ್ಟೇಟ್ ಶುಗರ್ ಕಾರ್ಪೊರೇಶನ್ ಪ್ರಕರಣದಲ್ಲಿ ಹಣ ಕೇಳಿದ ಸಂಸ್ಥೆಯೇ ನಷ್ಟದಲ್ಲಿತ್ತು, ರೋಗಗ್ರಸ್ತ ಕೈಗಾರಿಕೆ ಎಂದು ಅದರ ವಿಚಾರಣೆ ಬಾಕಿ ಇತ್ತು. ‘ಮುಂದೆ ನಾವು ಗೆದ್ದರೂ ಇವರಿಂದ ವಸೂಲಿ ಆಗುವುದಿಲ್ಲ’ ಎಂದು ಎದುರಿನವರು ವಾದಿಸಿದರು. ಅಷ್ಟು ಸಾಲದು ಎಂದಿತು ಸುಪ್ರೀಂ ಕೋರ್ಟು.

ಹಣ ಹೋದ ಮೇಲೆ ಬಾಗಿಲು ಮುಚ್ಚಿತು ಎಂದಲ್ಲ. ಮಧ್ಯಸ್ಥಿಕೆಯಲ್ಲೋ ಕೋರ್ಟಿನಲ್ಲೋ ಆಗ ಪಾಯದ ಇಮೇಲ್‌ಗಳು ಹೊರಬರುತ್ತವೆ. ಕಾರ್ಖಾನೆಗೆ ಸಲ್ಲಬೇಕಾದ್ದು 30,000 ಎಂದು ತೀರ್ಮಾನವಾದರೆ ಉಳಿದ 5.7 ಲಕ್ಷ ಬಡ್ಡಿ ಸಮೇತ ವಾಪಸ್ ಬರಬಹುದು. ಆದರೆ ಅಷ್ಟರವರೆಗೆ ದುಡ್ಡಿಲ್ಲದೆ ಕೆಲಸ ನಡೆಸುವ ಸಂಕಟ ಘಟಕದ ಪಾಲಿಗೆ. ಎರಡೂ ಕಾಗದಗಳ ನಡುವಿನ ನಿಜವಾದ ವ್ಯತ್ಯಾಸವನ್ನು ರೂಪಾಯಿಯಲ್ಲಿ ಅಳೆಯಬೇಕೆಂದರೆ ಇದೇ: ತೀರ್ಪು ಬರುವವರೆಗೆ ಹಣ ಇಲ್ಲದೆ ಕಾಯುವವರು ಯಾರು? ಬಿಜಿಯಲ್ಲಿ ಗುತ್ತಿಗೆದಾರ ಕಾಯುತ್ತಾನೆ. ಶ್ಯೂರಿಟಿಯಲ್ಲಿ ಕೆಲಸ ಮಾಡಿಸಿದವನು ಕಾಯುತ್ತಾನೆ.

ನಿಮಗೆ ಯಾವುದು?

ನೀವು ಕೆಲಸ ಮಾಡಿಸುವವರಾದರೆ, ಮುಂಗಡ ಕೊಡುತ್ತಿದ್ದರೆ, ಬಿಜಿ ಬಿಟ್ಟು ಬೇರೆ ಮಾತೇ ಬೇಡ. ಅಪಾರ್ಟ್‌ಮೆಂಟ್ ಸಂಘವೊಂದು ಹೊಸ ಲಿಫ್ಟ್‌ಗೆ 10 ಲಕ್ಷ ಮುಂಗಡ ಕೊಡುವುದಾದರೂ ಅಷ್ಟೇ ಮೊತ್ತದ ಬಿಜಿ ಕೇಳುವುದು ಸರಿ. ಹಣ ಈಗಾಗಲೇ ನಿಮ್ಮ ಕೈ ಬಿಟ್ಟಿರುತ್ತದೆ, ಅದಕ್ಕೆ ಎದುರಾಗಿ ಕೇಳಿದ ಕೂಡಲೇ ಬರುವ ಹಣವೇ ಬೇಕು. ಆದರೆ ಕೈಗೆ ಬಂದ ಬಿಜಿಯನ್ನು ನಂಬುವ ಮೊದಲು ಒಂದು ಕೆಲಸ ಮಾಡಿ. ನಕಲಿ ಬಿಜಿಗಳು ಮಾರುಕಟ್ಟೆಯಲ್ಲಿ ಇವೆ. ಬಿಜಿ ಕೊಟ್ಟ ಬ್ಯಾಂಕು ನಿಮ್ಮ ಬ್ಯಾಂಕಿಗೆ, ಬ್ಯಾಂಕುಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸುವ ಎಸ್‌ಎಫ್‌ಎಂಎಸ್ ಜಾಲದಲ್ಲಿ ದೃಢೀಕರಣ ಸಂದೇಶ ಕಳಿಸುತ್ತದೆ, ಅದರ ಹೆಸರು IFN 760COV. ಅದು ಬಂದಿದೆ ಎಂದು ನಿಮ್ಮ ಬ್ಯಾಂಕಿನಿಂದ ಖಚಿತ ಮಾಡಿಕೊಳ್ಳಿ. ಗುತ್ತಿಗೆದಾರ ಕೊಟ್ಟ ಫೋನ್ ನಂಬರಿಗೆ ಕರೆ ಮಾಡಿ ‘ಬಿಜಿ ನಿಜವಾ’ ಎಂದು ಕೇಳುವುದು ಪರಿಶೀಲನೆ ಅಲ್ಲ.

ಮುಂಗಡ ಇಲ್ಲದ ಸಣ್ಣ ಕೆಲಸಕ್ಕೆ, ಗೊತ್ತಿರುವ ಗುತ್ತಿಗೆದಾರನಿಗೆ, ಬಿಜಿ ಬೇಡ ಎಂದೇ ನನ್ನ ಅಭಿಪ್ರಾಯ. ಪ್ರತಿ ಬಿಲ್ಲಿನಲ್ಲಿ ಶೇ 5 ಹಿಡಿದಿಟ್ಟುಕೊಂಡರೆ ಸಾಕಾಗುತ್ತದೆ. ಬಿಜಿಯ ಕಮಿಷನ್ನು, ಎಫ್‌ಡಿಯಲ್ಲಿ ಸಿಕ್ಕಿಕೊಂಡ ಹಣ ಎಲ್ಲವನ್ನೂ ಗುತ್ತಿಗೆದಾರ ಕೊನೆಗೆ ನಿಮ್ಮ ಬೆಲೆಗೇ ಸೇರಿಸುತ್ತಾನೆ. ಶ್ಯೂರಿಟಿಯನ್ನೇ ಒಪ್ಪುವುದಾದರೆ ಎರಡು ವಿಷಯ ಗಮನಿಸಿ. ಜಾಮೀನು ನಿಂತವರ ಹತ್ತಿರ ಆಸ್ತಿ ಇದೆಯಾ ನೋಡಿ. ಕರಾರಿನಲ್ಲಿ ಪ್ರತಿ ಬದಲಾವಣೆಗೂ ಅವರ ಸಹಿ ಪಡೆಯಿರಿ, ಇಲ್ಲವೇ ಬದಲಾವಣೆಗೆ ಮುಂಗಡವಾಗಿ ಒಪ್ಪಿದ್ದೇವೆ ಎಂದು ಮೊದಲೇ ಬರೆಸಿಕೊಳ್ಳಿ.

2022ರ ಏಪ್ರಿಲ್‌ನಿಂದ ಮೂರನೆಯ ಆಯ್ಕೆಯೊಂದು ನಮ್ಮ ದೇಶದಲ್ಲಿದೆ: ವಿಮಾ ಕಂಪನಿಗಳು ಕೊಡುವ ಶ್ಯೂರಿಟಿ ಬಾಂಡ್. ಕೇಂದ್ರ ಸರ್ಕಾರದ ಟೆಂಡರುಗಳಲ್ಲಿ ಬಿಜಿಯ ಬದಲು ಇದನ್ನು ಕೊಡಲು ಅವಕಾಶ ಇದೆ. ಬ್ಯಾಂಕಿನ ಸಾಲದ ಮಿತಿ ಖರ್ಚಾಗುವುದಿಲ್ಲ ಎಂಬುದು ಗುತ್ತಿಗೆದಾರರಿಗೆ ದೊಡ್ಡ ಅನುಕೂಲ. ಆದರೆ ‘ಶ್ಯೂರಿಟಿ’ ಎಂಬ ಹೆಸರು ನೋಡಿ, ವಿಮಾ ಕಂಪನಿ ತಕರಾರು ವಿಚಾರಿಸಿ ಹಣ ಕೊಡುತ್ತದೆ ಎಂದುಕೊಳ್ಳಬೇಡಿ. ಅಮೆರಿಕದ ಕಟ್ಟಡ ಕೆಲಸಗಳಲ್ಲಿ ಬಾಂಡ್ ಕಂಪನಿ ನಿಜವಾಗಿ ವಿಚಾರಣೆ ಮಾಡುತ್ತದೆ, ಬೇಕಾದರೆ ಬೇರೆ ಗುತ್ತಿಗೆದಾರನನ್ನು ಹಚ್ಚಿ ಕೆಲಸ ಮುಗಿಸಿಕೊಡುತ್ತದೆ. ಇಲ್ಲಿ ಸರ್ಕಾರಿ ಇಲಾಖೆಗಳು ಕೇಳುವ ನಮೂನೆಗಳು ಹೆಚ್ಚಾಗಿ ಬಿಜಿಯ ಹಾಗೆ, ಕೇಳಿದ ಕೂಡಲೇ ಕೊಡುವಂಥವು. ವಿಮಾ ಕಂಪನಿಯೂ ನಿಮ್ಮಿಂದ ಕೌಂಟರ್ ಗ್ಯಾರಂಟಿಯಂಥ ಮುಚ್ಚಳಿಕೆ ಬರೆಸಿಕೊಂಡೇ ಬಾಂಡ್ ಕೊಡುತ್ತದೆ.

ಈಗ ಗುತ್ತಿಗೆದಾರರ ಕಡೆಗೆ ಬರೋಣ. ದೊಡ್ಡ ಕೊಳ್ಳುಗರ ಮುಂದೆ ‘ಬಿಜಿ ಕೊಡುವುದಿಲ್ಲ, ಶ್ಯೂರಿಟಿ ಕೊಡುತ್ತೇನೆ’ ಎಂದರೆ ಆರ್ಡರ್ ಹೋಗುತ್ತದೆ. ಸರ್ಕಾರಿ ಟೆಂಡರಿನಲ್ಲಿ ನಮೂನೆಯ ಒಂದು ಅಕ್ಷರ ಬದಲಿಸಲೂ ಆಗದು. ಖಾಸಗಿಯವರ ಹತ್ತಿರ ಮಾತಾಡಲು ಜಾಗ ಇದೆ. ಬೇಡಿಕೆಯ ಮೇಲೆ ಕೊಡುವ ಸ್ವಭಾವ ಬದಲಿಸಲು ಹೋಗಬೇಡಿ, ಅದನ್ನು ಯಾರೂ ಒಪ್ಪುವುದಿಲ್ಲ. ಬದಲಿಗೆ ಬೇಡಿಕೆಗೆ ಸ್ವಲ್ಪ ಬೇಲಿ ಹಾಕಿಸಿ. ನಾವು ಯಾವ ಕಲಮನ್ನು ಹೇಗೆ ತಪ್ಪಿದ್ದೇವೆ ಎಂದು ಕ್ಲೇಮ್ ಪತ್ರದಲ್ಲಿ ಬರೆದಿರಬೇಕು ಎಂಬುದು ಅಂಥ ಒಂದು ಬೇಲಿ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಗ್ಯಾರಂಟಿ ಕುರಿತ URDG 758 ನಿಯಮಗಳಲ್ಲೂ ಇಂಥದ್ದೇ ಮಾತು ಇದೆ. ಬ್ಯಾಂಕು ಆ ಮಾತು ನಿಜವೋ ಎಂದು ನೋಡುವುದಿಲ್ಲ, ಇದೆಯೋ ಎಂದು ಮಾತ್ರ ನೋಡುತ್ತದೆ. ಆದರೂ ಸುಳ್ಳನ್ನು ಸಹಿ ಹಾಕಿ ಬರೆದುಕೊಡಲು ಜನ ಹಿಂಜರಿಯುತ್ತಾರೆ. ಮುಂದೆ ಮಧ್ಯಸ್ಥಿಕೆಯಲ್ಲಿ ಆ ಪತ್ರವೇ ನಿಮ್ಮ ಕೈಯ ಆಯುಧವಾಗುತ್ತದೆ. ಸಹಿ ಹಾಕುವವರ ಹುದ್ದೆಯನ್ನು ಹೆಸರಿಸಿ. ಸೈಟ್ ಮ್ಯಾನೇಜರನ ಸಿಟ್ಟಿಗೆ ಬಿಜಿ ಇನ್ವೋಕ್ ಆಗದಂತೆ ಅದು ತಡೆಯುತ್ತದೆ. ಮುಂಗಡದ ಬಿಜಿಯಾದರೆ, ಪ್ರತಿ ಬಿಲ್ಲಿನಲ್ಲಿ ಮುಂಗಡ ಮುರಿದುಕೊಂಡಂತೆ ಬಿಜಿ ಮೊತ್ತವೂ ಇಳಿಯಬೇಕು ಎಂದು ಹಾಕಿಸಿ. ಇಲ್ಲದಿದ್ದರೆ ಶೇ 80 ಮುಂಗಡ ತೀರಿದ ಮೇಲೂ ಪೂರ್ತಿ ಮೊತ್ತಕ್ಕೆ ಬೇಡಿಕೆ ಬರಬಹುದು.

ಮುಗಿಯುವ ದಿನಾಂಕ

ಬಿಜಿಯ ಕೊನೆಯಲ್ಲಿ ‘ಮೇಲೆ ಏನೇ ಬರೆದಿದ್ದರೂ’ ಎಂದು ಶುರುವಾಗುವ ಮೂರು ಸಾಲು ಇರುತ್ತದೆ. ಹೊಣೆಯ ಮಿತಿ ಇಷ್ಟು, ಅವಧಿ ಇಲ್ಲಿಯವರೆಗೆ, ಇಂಥ ದಿನದೊಳಗೆ ಲಿಖಿತ ಕ್ಲೇಮ್ ಬರದಿದ್ದರೆ ಬ್ಯಾಂಕಿನ ಹೊಣೆ ಮುಗಿಯಿತು. ಇದನ್ನು ಎರಡು ಸಲ ಓದಿ. ಅವಧಿಯ ದಿನ ಬೇರೆ, ಕ್ಲೇಮ್ ಕೊಡಲು ಕೊನೆಯ ದಿನ ಬೇರೆ ಇರಬಹುದು.

ಅವಧಿ ಮುಗಿಯುವ ಹೊತ್ತಿಗೆ ಕೊಳ್ಳುವವರಿಂದ ಬ್ಯಾಂಕಿಗೆ ಒಂದು ಪತ್ರ ಬರುವುದು ಮಾಮೂಲು: ‘ಬಿಜಿ ವಿಸ್ತರಿಸಿ, ಇಲ್ಲವೇ ಇದನ್ನೇ ಕ್ಲೇಮ್ ಎಂದು ತಿಳಿದು ಹಣ ಕೊಡಿ.’ ಇದು ಬಂದಾಗ ಗುತ್ತಿಗೆದಾರ ಸುಮ್ಮನಿರುವಂತಿಲ್ಲ. ನಾಳೆ ನೋಡೋಣ ಎಂದರೆ ಅವಧಿಯ ಕೊನೆಯ ದಿನ ಬ್ಯಾಂಕು ಹಣ ಕೊಟ್ಟುಬಿಡಬಹುದು. ಕೆಲಸ ನಿಜವಾಗಿ ಬಾಕಿ ಇದ್ದರೆ ವಿಸ್ತರಿಸುವುದೇ ಲೇಸು. ಕೆಲಸ ಮುಗಿದಿದ್ದರೆ ಪೂರ್ಣಗೊಂಡ ಪ್ರಮಾಣಪತ್ರ ಹಿಡಿದುಕೊಂಡು ಆವತ್ತೇ ಕೊಳ್ಳುವವರ ಹತ್ತಿರ ಹೋಗಬೇಕು. ಬ್ಯಾಂಕಿನ ಹತ್ತಿರ ಹೋಗಿ ಫಲವಿಲ್ಲ.

ಕೊನೆಗೆ ಎಫ್‌ಡಿಯ ವಿಷಯ. ಅವಧಿ ಮುಗಿದ ಮರುದಿನವೇ ಮಾರ್ಜಿನ್ ವಾಪಸ್ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಕರಾರು ಕಾಯ್ದೆಯ 28ನೇ ಕಲಮಿಗೆ 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ನಿಗದಿತ ಅವಧಿಯಾದ ಮೇಲೆ ತನ್ನ ಹೊಣೆ ಅಳಿಯುತ್ತದೆ ಎಂದು ಬ್ಯಾಂಕು ಗ್ಯಾರಂಟಿಯಲ್ಲಿ ಬರೆಯಬಹುದು, ಆದರೆ ಆ ಅವಧಿ ಕನಿಷ್ಠ ಒಂದು ವರ್ಷ ಇರಬೇಕು. ಇದನ್ನು ಹಿಡಿದು ಬ್ಯಾಂಕುಗಳು ಕ್ಲೇಮ್ ಕೊಡುವ ಅವಧಿಯನ್ನೇ ಒಂದು ವರ್ಷ ಇಡಬೇಕೆಂದು ಒತ್ತಾಯಿಸುತ್ತಿದ್ದವು, ಅಷ್ಟಕ್ಕೂ ಕಮಿಷನ್ ಹಾಕುತ್ತಿದ್ದವು. ಆ ಒಂದು ವರ್ಷ ಕೋರ್ಟಿಗೆ ಹೋಗುವ ಅವಧಿಗೆ ಸಂಬಂಧಿಸಿದ್ದು, ಕ್ಲೇಮ್ ಅವಧಿಗೆ ಅಲ್ಲ ಎಂದು 2021ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಬಿಜಿ ಮಾಡಿಸುವಾಗ ಕ್ಲೇಮ್ ಅವಧಿ ಕಡಿಮೆ ಇಡಿ ಎಂದು ಬ್ಯಾಂಕಿನಲ್ಲಿ ಕೇಳಲು ಇದು ಆಧಾರ. ಅದಕ್ಕಿಂತ ಬೇಗನೆ ಎಫ್‌ಡಿ ಬಿಡಿಸಿಕೊಳ್ಳಬೇಕೆಂದರೆ ದಾರಿ ಒಂದೇ. ಕೊಳ್ಳುವವರಿಂದ ಮೂಲ ಬಿಜಿಯನ್ನೂ ‘ನಮಗೆ ಇನ್ನು ಯಾವ ಕ್ಲೇಮೂ ಇಲ್ಲ’ ಎಂಬ ಪತ್ರವನ್ನೂ ವಾಪಸ್ ತಂದು ಬ್ಯಾಂಕಿಗೆ ಒಪ್ಪಿಸುವುದು. ಈ ಪತ್ರವನ್ನು ಕೊನೆಯ ಬಿಲ್ಲಿನ ಜೊತೆಗೇ ಕೇಳಿ. ಬಿಲ್ ಪಾವತಿಯಾಗಿ ಫೈಲ್ ಮುಚ್ಚಿದ ಮೇಲೆ ಅದಕ್ಕೆ ಸಹಿ ಹಾಕುವ ಅಧಿಕಾರಿಯನ್ನು ಹುಡುಕಿಕೊಂಡು ತಿರುಗಬೇಕಾಗುತ್ತದೆ.